ಬಿಲ್ಡರ್ ಸಹಿ ಇಲ್ಲದ ಕ್ರಯಪತ್ರ

ಫ್ಲ್ಯಾಟ್‌ಗಳನ್ನು ಮಾರಿ ಮುಗಿಸಿದ ಬಿಲ್ಡರ್, ಕಟ್ಟಡವನ್ನೂ ಅದರಡಿಯ ಜಮೀನನ್ನೂ ಫ್ಲ್ಯಾಟ್ ಮಾಲೀಕರ ಸೊಸೈಟಿಯ ಹೆಸರಿಗೆ ಬರೆದುಕೊಡಬೇಕು. ಆ ಪತ್ರಕ್ಕೆ ಮುಂಬಯಿ ಕಡೆ ಎಲ್ಲರೂ ಕನ್ವೇಯನ್ಸ್ ಎನ್ನುತ್ತಾರೆ. ಬಿಲ್ಡರ್ ಅದನ್ನು ಬರೆದುಕೊಡದೇ ಹೋದಾಗ, ಅವನ ಸಹಿಗೆ ಕಾಯದೆ, ಸರಕಾರಿ ಅಧಿಕಾರಿಯ ಆದೇಶದ ಬಲದಿಂದ ವರ್ಗಾವಣೆಯನ್ನು ನೋಂದಾಯಿಸಿಕೊಳ್ಳುವ ವ್ಯವಸ್ಥೆಗೆ ಡೀಮ್ಡ್ ಕನ್ವೇಯನ್ಸ್ ಎಂದು ಹೆಸರು. ಮಹಾರಾಷ್ಟ್ರದ ಸರಕಾರಿ ಕಚೇರಿಗಳ ಫಲಕಗಳಲ್ಲಿ ಇದು ‘ಮಾನೀವ ಅಭಿಹಸ್ತಾಂತರಣ’ ಎಂದಿರುತ್ತದೆ. ಮುಂಬಯಿ, ಠಾಣೆ, ಡೊಂಬಿವಲಿ, ಮುಲುಂಡ್‌ಗಳಲ್ಲಿ ಒಂದೆರಡು ತಲೆಮಾರಿನಿಂದ ನೆಲೆಸಿರುವ ಕನ್ನಡಿಗರಲ್ಲಿ ಹಳೆಯ ಕಟ್ಟಡದಲ್ಲಿರುವವರಿಗೆಲ್ಲ ಈ ಮಾತು ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಒಂದಲ್ಲ ಒಂದು ಸಲ ಕಿವಿಗೆ ಬಿದ್ದೇ ಇರುತ್ತದೆ.

ಫ್ಲ್ಯಾಟಿಗೆ ದುಡ್ಡು ಕೊಟ್ಟು, ಅಗ್ರಿಮೆಂಟ್ ಮಾಡಿಸಿ, ಮೂವತ್ತು ವರ್ಷ ವಾಸ ಮಾಡಿದ ಮೇಲೂ ಜಮೀನು ಬೇರೆಯವರ ಹೆಸರಿನಲ್ಲಿ ಉಳಿಯುವುದು ಹೇಗೆ? ಕರ್ನಾಟಕದ ಓದುಗರಿಗೆ ಇದು ವಿಚಿತ್ರವಾಗಿ ಕಾಣಬಹುದು. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳುವವರು ಸಾಮಾನ್ಯವಾಗಿ ಕೊನೆಯಲ್ಲಿ ಕ್ರಯಪತ್ರ ಮಾಡಿಸಿಕೊಳ್ಳುತ್ತಾರೆ. ಅದರಲ್ಲಿ ಫ್ಲ್ಯಾಟಿನ ಜೊತೆಗೆ ಜಮೀನಿನ ಇಷ್ಟು ಚದರಡಿ ಅವಿಭಾಜ್ಯ ಪಾಲು ಎಂದೂ ಬರೆದಿರುತ್ತದೆ. ಪ್ರತಿಯೊಬ್ಬರೂ ತಂತಮ್ಮ ಪಾಲು ಕೊಂಡುಕೊಂಡ ಹಾಗೆ ಜಮೀನು ಚೂರುಚೂರಾಗಿ ಬಿಲ್ಡರ್‌ನ ಕೈಬಿಟ್ಟು ಹೋಗುತ್ತದೆ. ಮಹಾರಾಷ್ಟ್ರದ ಹಳೆಯ ರೂಢಿ ಹಾಗಲ್ಲ. ಅಲ್ಲಿ ಫ್ಲ್ಯಾಟ್ ಕೊಳ್ಳುವವರ ಕೈಗೆ ಬರುವುದು ಬರೀ ಮಾರಾಟದ ಕರಾರು, ಅಂದರೆ ಅಗ್ರಿಮೆಂಟ್. ಕೊಂಡವರೆಲ್ಲ ಸೇರಿ ಸಹಕಾರಿ ಸೊಸೈಟಿ ಮಾಡಿಕೊಳ್ಳಬೇಕು, ಬಿಲ್ಡರ್ ಇಡೀ ಆಸ್ತಿಯನ್ನು ಒಂದೇ ಪತ್ರದಲ್ಲಿ ಆ ಸೊಸೈಟಿಗೆ ಬರೆದುಕೊಡಬೇಕು. ಈ ಕೊನೆಯ ಹೆಜ್ಜೆ ತಪ್ಪಿತೆಂದರೆ ಗೋಡೆಗಳ ನಡುವಿನ ಜಾಗ ಫ್ಲ್ಯಾಟಿನವರದು, ನೆಲ ಮಾತ್ರ ಬಿಲ್ಡರ್‌ನದೋ ಮೂಲ ಜಮೀನುದಾರನದೋ ಆಗಿಯೇ ಉಳಿಯುತ್ತದೆ.

ಬಿಲ್ಡರ್ ಏಕೆ ತಪ್ಪಿಸಿಕೊಳ್ಳುತ್ತಾನೆ ಎಂಬುದಕ್ಕೆ ಉತ್ತರ ಎಫ್‌ಎಸ್‌ಐ ಎಂಬ ಮೂರಕ್ಷರದಲ್ಲಿದೆ. ಒಂದು ನಿವೇಶನದ ಮೇಲೆ ಎಷ್ಟು ಕಟ್ಟಬಹುದು ಎಂಬ ಈ ಮಿತಿಯನ್ನು ಸರಕಾರ ಕಾಲಕಾಲಕ್ಕೆ ಹೆಚ್ಚಿಸುತ್ತಾ ಬಂದಿದೆ. ಬೇರೆ ಕಡೆಯ ಕಟ್ಟುವ ಹಕ್ಕನ್ನು ಟಿಡಿಆರ್ ರೂಪದಲ್ಲಿ ತಂದು ಬಳಸುವ ಅವಕಾಶವೂ ಬಂತು. 1990ರಲ್ಲಿ ನಾಲ್ಕು ಮಹಡಿಗೆ ಮುಗಿದ ಜಾಗದಲ್ಲಿ ಇಂದು ಅದರ ಹಲವು ಪಟ್ಟು ಕಟ್ಟಬಹುದು. ಹೊಸದಾಗಿ ಹುಟ್ಟಿದ ಈ ಹಕ್ಕು ನೆಲದ ಒಡೆಯನಿಗೆ ಸೇರುತ್ತದೆ. ಹಾಗಾಗಿ ಕನ್ವೇಯನ್ಸ್ ಕೊಡದೆ ಸುಮ್ಮನೆ ಕುಳಿತ ಬಿಲ್ಡರ್‌ಗೆ ಏನೂ ಮಾಡದೆಯೇ ಲಾಭ. ಕಟ್ಟಡ ಹಳತಾಗಿ ರೀಡೆವಲಪ್‌ಮೆಂಟ್‌ಗೆ ಬಂದಾಗ ಆತನ ಸಹಿಗೆ ಬೆಲೆ ಬರುತ್ತದೆ. ಎಲ್ಲರೂ ದುರುದ್ದೇಶದಿಂದಲೇ ಹೀಗೆ ಮಾಡುತ್ತಾರೆ ಎನ್ನಲಾಗದು. ಎಷ್ಟೋ ಕಡೆ ಬಿಲ್ಡರ್ ಜಮೀನನ್ನು ಕೊಂಡೇ ಇರುವುದಿಲ್ಲ. ರೈತನಿಂದ ಡೆವಲಪ್‌ಮೆಂಟ್ ಅಗ್ರಿಮೆಂಟ್ ಮತ್ತು ಮುಖ್ತ್ಯಾರ್‌ಪತ್ರ ಪಡೆದು ಕಟ್ಟಿರುತ್ತಾನೆ. ಮುಖ್ತ್ಯಾರ್‌ಪತ್ರ ಕೊಟ್ಟ ರೈತ ತೀರಿಕೊಂಡಿರುತ್ತಾನೆ, ಮಕ್ಕಳಿಗೂ ಬಿಲ್ಡರ್‌ಗೂ ಬಾಕಿ ಹಣದ ಜಗಳವಿರುತ್ತದೆ. ಅಂಥ ಕಡೆ ಸಹಿ ಹಾಕುವ ಮನಸ್ಸಿದ್ದರೂ ಬಿಲ್ಡರ್‌ನೊಬ್ಬನ ಸಹಿಯಿಂದ ಕೆಲಸ ಆಗುವುದಿಲ್ಲ.

ಬರೆದುಕೊಡುವ ಹೊಣೆ ಹೊಸದೇನಲ್ಲ. 1963ರ ಮಹಾರಾಷ್ಟ್ರ ಓನರ್‌ಶಿಪ್ ಫ್ಲ್ಯಾಟ್ಸ್ ಕಾಯ್ದೆಯ, ಅಂದರೆ ಆಡುಮಾತಿನ ಮೋಫಾದ, 11ನೇ ಕಲಮಿನಲ್ಲಿ ಅದು ಮೊದಲಿನಿಂದಲೂ ಇದೆ. ಅಗ್ರಿಮೆಂಟಿನಲ್ಲಿ ಬೇರೆ ಅವಧಿ ಹೇಳಿಲ್ಲದಿದ್ದರೆ ಸೊಸೈಟಿ ನೋಂದಣಿಯಾದ ನಾಲ್ಕು ತಿಂಗಳೊಳಗೆ ಕನ್ವೇಯನ್ಸ್ ಆಗಬೇಕು ಎಂದು ಅದರ ನಿಯಮಾವಳಿ ಹೇಳುತ್ತದೆ. ತಪ್ಪಿದರೆ ಜೈಲು ಶಿಕ್ಷೆಯ ಕಲಮೂ ಇತ್ತು. ಆದರೆ ಬರೆಸಿಕೊಳ್ಳುವ ದಾರಿ ಎಂದರೆ ಸಿವಿಲ್ ಕೋರ್ಟಿನ ದಾವೆ ಒಂದೇ. ಹತ್ತು ಹದಿನೈದು ವರ್ಷ ವಕೀಲರ ಫೀ ಕಟ್ಟುವ ಚೈತನ್ಯ ಇಪ್ಪತ್ತು ಮನೆಗಳ ಸೊಸೈಟಿಗೆ ಎಲ್ಲಿಂದ ಬರಬೇಕು? 2008ರ ಫೆಬ್ರವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ ಈ ಕೆಲಸವನ್ನು ಕೋರ್ಟಿನಿಂದ ಬಿಡಿಸಿ ಸಹಕಾರ ಇಲಾಖೆಯ ಜಿಲ್ಲಾ ಉಪನಿಬಂಧಕರ ಕೈಗೆ ಕೊಟ್ಟಿತು. ಕಾಯ್ದೆಯ ಭಾಷೆಯಲ್ಲಿ ಅವರೇ ‘ಸಕ್ಷಮ ಪ್ರಾಧಿಕಾರಿ’, ಜನರ ಬಾಯಲ್ಲಿ ಡಿಡಿಆರ್. ಅರ್ಜಿಯ ನಮೂನೆ, ನೋಟಿಸಿನ ಕ್ರಮ ಇತ್ಯಾದಿ ವಿವರಗಳ ನಿಯಮಗಳು 2010ರಲ್ಲಿ ಬಂದವು.

ಕರ್ನಾಟಕಕ್ಕೂ ಮೋಫಾವನ್ನು ಬಹುಮಟ್ಟಿಗೆ ಹೋಲುವ 1972ರ ಓನರ್‌ಶಿಪ್ ಫ್ಲ್ಯಾಟ್ಸ್ ಕಾಯ್ದೆ ಒಂದಿದೆ, ಬಿಲ್ಡರ್ ಬರೆದುಕೊಡಬೇಕೆಂಬ ಕಲಮೂ ಅದರಲ್ಲಿದೆ. ಆದರೆ 2008ರಲ್ಲಿ ಮಹಾರಾಷ್ಟ್ರ ಸೇರಿಸಿದಂಥ, ಅಧಿಕಾರಿಯ ಮೂಲಕ ಬರೆಸಿಕೊಳ್ಳುವ ದಾರಿ ಅದರಲ್ಲಿಲ್ಲ. ಇಲ್ಲಿಂದ ಮುಂದೆ ಹೇಳುವುದೆಲ್ಲ ಮಹಾರಾಷ್ಟ್ರದ ಸೊಸೈಟಿಗಳ ಮಾತು.

ಡಿಡಿಆರ್ ಮುಂದೆ ನಡೆಯುವುದು ಸಂಕ್ಷಿಪ್ತ ವಿಚಾರಣೆ. ಸಾಕ್ಷಿಗಳ ಪಾಟೀಸವಾಲು ಇಲ್ಲ, ಜಮೀನಿನ ನಿಜವಾದ ಒಡೆಯ ಯಾರು ಎಂಬ ತೀರ್ಪೂ ಇಲ್ಲ. ಅವರ ಮುಂದಿರುವ ಪ್ರಶ್ನೆ ಇಷ್ಟೇ: ಬಿಲ್ಡರ್ ಏನನ್ನು ಬರೆದುಕೊಡುವುದಾಗಿ ಒಪ್ಪಿದ್ದ, ಅದನ್ನು ಬರೆದುಕೊಟ್ಟಿದ್ದಾನೆಯೇ? ಇದಕ್ಕೆ ಉತ್ತರ ಸಿಗುವುದು ಬಿಲ್ಡರ್ ಸ್ವತಃ ಸಹಿ ಮಾಡಿದ ಫ್ಲ್ಯಾಟಿನ ಅಗ್ರಿಮೆಂಟಿನಲ್ಲಿ. ಹಾಗಾಗಿ ಇಡೀ ಅರ್ಜಿಯ ಜೀವ ಆ ಹಳೆಯ ಹಾಳೆಗಳಲ್ಲಿದೆ. ವಕೀಲರನ್ನು ಗೊತ್ತುಮಾಡುವ ಮೊದಲೇ ಸೊಸೈಟಿಯವರು ಮಾಡಬೇಕಾದ ಕೆಲಸ ಅದನ್ನು ಸಾಲು ಬಿಡದೆ ಓದುವುದು. ಕಪಾಟಿನಿಂದ ಅದನ್ನು ತೆಗೆದು ಓದಿದವರು ಸೊಸೈಟಿಯಲ್ಲಿ ಬೆರಳೆಣಿಕೆಯಷ್ಟಿರುತ್ತಾರೆ. ಮುಖ್ಯವಾಗಿ ನೋಡಬೇಕಾದದ್ದು ಎರಡು ಕಡೆ. ಕನ್ವೇಯನ್ಸ್ ಯಾವಾಗ, ಯಾರಿಗೆ ಕೊಡುವುದು ಎಂಬ ಕಲಮು ಒಂದು, ಕೊನೆಯಲ್ಲಿ ಜಮೀನಿನ ವಿವರ ಇರುವ ಷೆಡ್ಯೂಲ್ ಇನ್ನೊಂದು. ಷೆಡ್ಯೂಲಿನಲ್ಲಿ ಸರ್ವೆ ನಂಬರು, ಹಿಸ್ಸಾ ನಂಬರು, ಕ್ಷೇತ್ರಫಲ, ಚಕ್ಕುಬಂದಿ ಇರುತ್ತವೆ. ಅದರಲ್ಲಿ ಇಲ್ಲದ ಒಂದು ಚದರ ಮೀಟರನ್ನೂ ಡಿಡಿಆರ್ ಕೊಡುವಂತಿಲ್ಲ.

ಕ್ರಮವನ್ನು ಒಂದು ಉದಾಹರಣೆಯಲ್ಲಿಟ್ಟು ನೋಡಿದರೆ ಸುಲಭ. ಡೊಂಬಿವಲಿ ಪೂರ್ವದಲ್ಲಿ ಒಂದೇ ನಿವೇಶನದ ಮೇಲೆ ಎರಡು ಕಟ್ಟಡಗಳಿವೆ ಎಂದುಕೊಳ್ಳಬಹುದು. ಕಟ್ಟಡ, ಸೊಸೈಟಿ, ಅಂಕಿಗಳು ಎಲ್ಲವೂ ಕಲ್ಪಿತ, ಸನ್ನಿವೇಶ ಮಾತ್ರ ಅಲ್ಲಿನ ಎಷ್ಟೋ ಸೊಸೈಟಿಗಳದು. ಒಂದನೇ ಕಟ್ಟಡದಲ್ಲಿ 24 ಫ್ಲ್ಯಾಟ್, ಎರಡನೆಯದರಲ್ಲಿ 16. ಅಗ್ರಿಮೆಂಟುಗಳಾದದ್ದು 1992ರಿಂದ 1994ರ ನಡುವೆ. ಒಂದನೇ ಕಟ್ಟಡದವರ ಸೊಸೈಟಿ 1995ರಲ್ಲಿ ನೋಂದಣಿಯಾಯಿತು, ಎರಡನೆಯವರದು ಮರುವರ್ಷ. ಬಿಲ್ಡರ್ ಜಮೀನನ್ನು ರೈತನೊಬ್ಬನಿಂದ ಡೆವಲಪ್‌ಮೆಂಟ್‌ಗೆ ಪಡೆದಿದ್ದ. ಆ ರೈತ ಈಗಿಲ್ಲ, ಮೂವರು ಗಂಡುಮಕ್ಕಳು ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಅರ್ಜಿ ಹಾಕಲು ಹೊರಟಿರುವುದು 24 ಮನೆಗಳ ಸೊಸೈಟಿ.

ಮೊದಲ ಕೆಲಸ ಸರ್ವಸದಸ್ಯರ ಸಭೆ. ಡೀಮ್ಡ್ ಕನ್ವೇಯನ್ಸ್‌ಗೆ ಅರ್ಜಿ ಹಾಕುವುದು, ಅದಕ್ಕೆ ಸಹಿ ಹಾಕುವ ಅಧಿಕಾರವನ್ನು ಚೇರ್ಮನ್, ಸೆಕ್ರೆಟರಿ, ಖಜಾಂಚಿಗೆ ಕೊಡುವುದು, ಖರ್ಚಿಗೆ ವಂತಿಗೆ ಎತ್ತುವುದು ಎಂದು ಠರಾವು ಆಗಬೇಕು. ಆಮೇಲೆ ಅಗ್ರಿಮೆಂಟುಗಳ ಸಂಗ್ರಹ. 24ರಲ್ಲಿ 21 ಮನೆಯವರ ಬಳಿ ನೋಂದಣಿಯಾದ ಪ್ರತಿ ಸಿಕ್ಕಿತು. ಒಬ್ಬರ ಪ್ರತಿ ಮಳೆಗಾಲದ ನೀರಿಗೆ ಹೋಗಿದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇಂಡೆಕ್ಸ್-2 ಹುಡುಕಿಸಿ ದೃಢೀಕೃತ ನಕಲು ತರಿಸಿದರೆ ಅದು ಮುಗಿದ ಮಾತು. ಉಳಿದ ಎರಡು ಅಗ್ರಿಮೆಂಟುಗಳಲ್ಲಿ ಸ್ಟ್ಯಾಂಪ್ ಶುಲ್ಕ ಕಡಿಮೆ ಬಿದ್ದಿದೆ.

ಸ್ಟ್ಯಾಂಪಿನ ವಿಷಯ ಈ ಹಂತದಲ್ಲಿ ಸಣ್ಣದಾಗಿ ಕಂಡರೂ ಕೊನೆಗೆ ಕೆಲಸ ನಿಲ್ಲುವುದು ಅಲ್ಲೇ. ಮಹಾರಾಷ್ಟ್ರದಲ್ಲಿ 1985ರ ಡಿಸೆಂಬರ್ 10ರಿಂದ ಫ್ಲ್ಯಾಟಿನ ಅಗ್ರಿಮೆಂಟಿಗೇ ಪೂರ್ತಿ ಸ್ಟ್ಯಾಂಪ್ ಶುಲ್ಕ ಕಟ್ಟಬೇಕೆಂಬ ನಿಯಮವಿದೆ. ಅಗ್ರಿಮೆಂಟಿನಲ್ಲಿ ಕಟ್ಟಿದ ಶುಲ್ಕವನ್ನು ಮುಂದೆ ಕನ್ವೇಯನ್ಸ್ ಪತ್ರದ ಶುಲ್ಕಕ್ಕೆ ವಜಾ ಹಾಕಿಕೊಳ್ಳುತ್ತಾರೆ. ಎಲ್ಲ ಫ್ಲ್ಯಾಟಿನವರೂ ಸರಿಯಾಗಿ ಕಟ್ಟಿದ್ದರೆ ಇಡೀ ಜಮೀನಿನ ಕನ್ವೇಯನ್ಸ್ ಪತ್ರಕ್ಕೆ ನಾಮಮಾತ್ರದ ಶುಲ್ಕ ಸಾಕಾಗುತ್ತದೆ. ಕಟ್ಟದೆ ಉಳಿಸಿಕೊಂಡವರ ಬಾಕಿಗೆ ತಿಂಗಳಿಗೆ ಶೇಕಡ 2ರಂತೆ ದಂಡ ಬೀಳುತ್ತದೆ, ಬಾಕಿಯ ನಾಲ್ಕು ಪಟ್ಟಿನ ಮಿತಿಯೊಳಗೆ. ಆ ಎರಡು ಅಗ್ರಿಮೆಂಟುಗಳಲ್ಲಿ ತಲಾ 3,000 ರೂಪಾಯಿ ಕಡಿಮೆ ಬಿದ್ದಿದೆ ಎಂದಿಟ್ಟುಕೊಂಡರೆ, ಮೂವತ್ತು ವರ್ಷದ ದಂಡ ಲೆಕ್ಕದಲ್ಲಿ ಏಳು ಪಟ್ಟು ದಾಟಿದರೂ 12,000ಕ್ಕೆ ನಿಲ್ಲುತ್ತದೆ. ಮೂಲ ಬಾಕಿ ಸೇರಿ ಒಬ್ಬೊಬ್ಬರಿಗೆ 15,000. ಮೊದಲ ಮಾಲೀಕ ಮಾಡಿದ ತಪ್ಪಿಗೆ ಮೂರನೇ ಮಾಲೀಕ ದಂಡ ತೆರಬೇಕೇ ಎಂಬ ವಾಗ್ವಾದ ಸಭೆಯಲ್ಲಿ ಏಳದೆ ಇರುವುದಿಲ್ಲ. ಅದನ್ನು ಡಿಡಿಆರ್ ಆದೇಶ ಬರುವ ಮೊದಲೇ ಬಗೆಹರಿಸಿಕೊಂಡರೆ ಕ್ಷೇಮ. ಸರಕಾರ ಆಗಾಗ ಹೊರಡಿಸುವ ಅಭಯ ಯೋಜನೆಗಳಲ್ಲಿ ದಂಡಕ್ಕೆ ದೊಡ್ಡ ರಿಯಾಯಿತಿ ಸಿಗುವುದೂ ಉಂಟು. 2023ರ ಡಿಸೆಂಬರಿನಲ್ಲಿ ಶುರುವಾದ ಅಂಥ ಯೋಜನೆಯೊಂದು 1980ರಿಂದ 2020ರವರೆಗಿನ ಪತ್ರಗಳಿಗೆ ಅನ್ವಯಿಸಿತ್ತು.

ಮುಂದಿನದು ಜಮೀನಿನ ದಾಖಲೆ. ಕೆಲವು ಕಡೆ ಸಾತ್‌ಬಾರಾ, ಅಂದರೆ ಕರ್ನಾಟಕದ ಪಹಣಿಯಂಥ 7/12 ಉತಾರ ಇರುತ್ತದೆ, ಸಿಟಿ ಸರ್ವೆಯಾದ ಕಡೆ ಪ್ರಾಪರ್ಟಿ ಕಾರ್ಡ್. ಉದಾಹರಣೆಯ ಸೊಸೈಟಿಯವರು ತೆಗೆಸಿ ನೋಡಿದಾಗ ಅದರಲ್ಲಿ ತೀರಿಹೋದ ರೈತನ ಐವರು ಮಕ್ಕಳ ಹೆಸರಿದೆ. ಅಗ್ರಿಮೆಂಟಿನ ಷೆಡ್ಯೂಲಿನಲ್ಲಿ ನಿವೇಶನ 2,000 ಚದರ ಮೀಟರ್, ದಾಖಲೆಯಲ್ಲಿ ಈಗ 1,800 ಮಾತ್ರ. 200 ಚದರ ಮೀಟರ್ ರಸ್ತೆ ಅಗಲಿಕರಣಕ್ಕೆ ನಗರಪಾಲಿಕೆಗೆ ಹೋಗಿದೆ. ಇದನ್ನು ಗಮನಿಸದೆ 2,000 ಚದರ ಮೀಟರ್ ಕೇಳಿ ಅರ್ಜಿ ಹಾಕಿದ್ದರೆ ದಾಖಲೆ ತಾಳೆಯಾಗದೆ ಅರ್ಜಿ ಅಲ್ಲೇ ಕುಂಟುತ್ತಿತ್ತು. ಕ್ಷೇತ್ರಫಲದ ಈ ತಾಳೆಯನ್ನು ಅರ್ಜಿಗೆ ಮೊದಲೇ ಒಬ್ಬ ಆರ್ಕಿಟೆಕ್ಟ್ ನೋಡಿಬಿಡುವುದು ಒಳ್ಳೆಯದು. ಜೊತೆಗೆ ಕಳೆದ ಮೂವತ್ತು ವರ್ಷದ ಸರ್ಚ್ ರಿಪೋರ್ಟ್ ಮಾಡಿಸಿದರೆ ಬಿಲ್ಡರ್ ಆ ಜಮೀನನ್ನು ಬ್ಯಾಂಕಿಗೆ ಅಡವಿಟ್ಟಿದ್ದಾನೆಯೇ, ಬೇರೆಯವರಿಗೆ ಬರೆದುಕೊಟ್ಟಿದ್ದಾನೆಯೇ ಎಂಬುದು ಹೊರಬೀಳುತ್ತದೆ.

ಒಂದೇ ನಿವೇಶನದಲ್ಲಿ ಎರಡು ಸೊಸೈಟಿಗಳಿರುವಾಗ ಯಾರಿಗೆಷ್ಟು ನೆಲ ಎಂಬುದು ಇನ್ನೊಂದು ಗಂಟು. ತಮ್ಮ ಕಟ್ಟಡದ ಅಡಿಪಾಯ ನಿಂತಷ್ಟೇ ಜಾಗ ತಮ್ಮದು ಎಂದು ಕೆಲವರು ತಿಳಿಯುತ್ತಾರೆ, ಕಾಂಪೌಂಡಿನೊಳಗಿನದೆಲ್ಲ ತಮ್ಮದೇ ಎಂದು ಮತ್ತೆ ಕೆಲವರು. ಸಾಮಾನ್ಯವಾಗಿ ಅನುಸರಿಸುವ ಲೆಕ್ಕ ಬೇರೆ. ಇಡೀ ನಿವೇಶನದಲ್ಲಿ ಬಳಸಿದ ಎಫ್‌ಎಸ್‌ಐಯಲ್ಲಿ ಆ ಕಟ್ಟಡ ಎಷ್ಟು ಪಾಲು ಬಳಸಿದೆಯೋ ನೆಲದಲ್ಲೂ ಅಷ್ಟೇ ಪಾಲು. ಮಂಜೂರಾದ ನಕ್ಷೆಯ ಪ್ರಕಾರ ಒಂದನೇ ಕಟ್ಟಡದ ಬಿಲ್ಟ್‌ಅಪ್ ವಿಸ್ತೀರ್ಣ 1,200 ಚದರ ಮೀಟರ್, ಎರಡನೆಯದು 800. ಒಟ್ಟು 2,000ದಲ್ಲಿ ಒಂದನೆಯದರ ಪಾಲು ಶೇಕಡ 60. ಈಗ ಉಳಿದಿರುವ 1,800 ಚದರ ಮೀಟರ್ ನೆಲದಲ್ಲಿ ಶೇಕಡ 60 ಎಂದರೆ 1,080. ಎರಡನೇ ಸೊಸೈಟಿಗೆ ಉಳಿಯುವುದು 720. ಒಳರಸ್ತೆ, ನೀರಿನ ಟ್ಯಾಂಕು, ಆಟದ ಜಾಗಗಳನ್ನು ಇಬ್ಬರೂ ಬಳಸುವ ಹಕ್ಕನ್ನು ಪತ್ರದಲ್ಲಿ ಬೇರೆಯಾಗಿ ಬರೆಸಬೇಕು. ಈ ಲೆಕ್ಕವನ್ನು ಆರ್ಕಿಟೆಕ್ಟ್ ಪ್ರಮಾಣಪತ್ರದ ರೂಪದಲ್ಲಿ ಕೊಡುತ್ತಾರೆ, ಅದು ಅರ್ಜಿಯ ಜೊತೆ ಹೋಗುತ್ತದೆ. ಪಕ್ಕದ ಸೊಸೈಟಿಯನ್ನು ಕತ್ತಲಲ್ಲಿಟ್ಟು ಈ ಲೆಕ್ಕ ಮಾಡಿದರೆ ಬಿಲ್ಡರ್‌ಗಿಂತ ಮೊದಲು ಆಕ್ಷೇಪ ಬರುವುದು ಅವರಿಂದಲೇ.

ಇಷ್ಟಾದ ಮೇಲೆ ಬಿಲ್ಡರ್‌ಗೆ ಲೀಗಲ್ ನೋಟಿಸ್. ಇಷ್ಟು ದಿನದೊಳಗೆ ಕನ್ವೇಯನ್ಸ್ ಬರೆದುಕೊಡಿ, ಇಲ್ಲದಿದ್ದರೆ ಕಲಂ 11ರಡಿ ಅರ್ಜಿ ಹಾಕುತ್ತೇವೆ ಎಂದು ಅಂಚೆಯಲ್ಲಿ ಕಳಿಸಬೇಕು. ನೋಟಿಸು ‘ವಿಳಾಸದಲ್ಲಿಲ್ಲ’ ಎಂದು ವಾಪಸು ಬಂದರೂ ಆ ಲಕೋಟೆಯನ್ನು ಹಾಗೇ ಜೋಪಾನ ಮಾಡಬೇಕು, ಕೇಳಿಯೂ ಸಿಗಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಬಳಿಕ ನಮೂನೆ 7ರಲ್ಲಿ ಡಿಡಿಆರ್‌ಗೆ ಅರ್ಜಿ. 2,000 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಹಚ್ಚಬೇಕು. ಸೊಸೈಟಿಯ ನೋಂದಣಿ ಪ್ರಮಾಣಪತ್ರ, ಸದಸ್ಯರ ಪಟ್ಟಿ, ಅಗ್ರಿಮೆಂಟುಗಳು, ಜಮೀನಿನ ದಾಖಲೆ, ಮಂಜೂರಾದ ನಕ್ಷೆ, ನೋಟಿಸಿನ ಪ್ರತಿ ಜೊತೆಗಿರಬೇಕು. ಕಟ್ಟಡಕ್ಕೆ ಒ.ಸಿ. ಇಲ್ಲದಿರುವುದು ಮುಂಬಯಿ ಸುತ್ತಮುತ್ತ ಸಾಮಾನ್ಯ. ಅದನ್ನು ತರಬೇಕಾದವನು ಬಿಲ್ಡರ್, ತರದವನೂ ಅವನೇ. ಅವನ ತಪ್ಪಿನ ಲಾಭ ಅವನಿಗೇ ಸಿಗುವುದು ನ್ಯಾಯವಲ್ಲ ಎಂಬ ಕಾರಣಕ್ಕೆ ಸರಕಾರ 2018ರ ಜೂನ್ ನಿರ್ಣಯದಲ್ಲಿ ದಾಖಲೆಗಳ ಪಟ್ಟಿಯನ್ನು ಕಡಿಮೆ ಮಾಡಿ, ಒ.ಸಿ. ಇಲ್ಲದ ಕಡೆ ಸೊಸೈಟಿಯ ಸ್ವಯಂ ಘೋಷಣೆಗೆ ಅವಕಾಶ ಕೊಟ್ಟಿತು.

ಅರ್ಜಿಯಲ್ಲಿ ಎದುರುದಾರರು ಯಾರು ಎಂಬ ಕಡೆ ಹಲವರು ಎಡವುತ್ತಾರೆ. ಬಿಲ್ಡರ್‌ನೊಬ್ಬನ ಹೆಸರು ಹಾಕಿ ಬಿಡುತ್ತಾರೆ. ಉದಾಹರಣೆಯ ಅರ್ಜಿಯಲ್ಲಿ ಬಿಲ್ಡರ್‌ನ ಫರ್ಮ್, ಅದರ ಪಾಲುದಾರರು, ರೈತನ ಐವರು ವಾರಸುದಾರರು, ಪಕ್ಕದ ಸೊಸೈಟಿ, ಇಷ್ಟು ಜನರೂ ಬರಬೇಕು. ಗಂಡುಮಕ್ಕಳ ಹೆಸರು ಹಾಕಿ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಡುವುದು ಸಾಮಾನ್ಯ ತಪ್ಪು. ದಾಖಲೆಯಲ್ಲಿ ಹೆಸರಿರುವವರೊಬ್ಬರಿಗೆ ನೋಟಿಸು ಹೋಗಿರದಿದ್ದರೆ, ತಮ್ಮ ಮಾತು ಕೇಳದೆ ಆದೇಶ ಮಾಡಿದ್ದಾರೆ ಎಂದು ಅವರು ಹೈಕೋರ್ಟಿಗೆ ಹೋಗಿ ಎಲ್ಲವನ್ನೂ ಮೊದಲಿನಿಂದ ಮಾಡಿಸಬಹುದು. ಕಾಣೆಯಾದವರಿಗೆ ಪತ್ರಿಕೆಯಲ್ಲಿ ಪ್ರಕಟಣೆಯ ಮೂಲಕ ನೋಟಿಸು ಕೊಡುವ ಕ್ರಮವಿದೆ.

ಬಿಲ್ಡರ್ ಹಾಜರಾದರೆ ಆಕ್ಷೇಪಗಳು ಬಹುತೇಕ ಒಂದೇ ಅಚ್ಚಿನವು. ಸದಸ್ಯರು ತನಗೆ ಹಣ ಬಾಕಿ ಕೊಡಬೇಕು ಎನ್ನುತ್ತಾನೆ. ಅದಕ್ಕೆ ಅವನು ಬೇರೆ ದಾವೆ ಹಾಕಬಹುದು, ಕನ್ವೇಯನ್ಸ್ ತಡೆಹಿಡಿಯಲು ಅದು ಸಾಮಾನ್ಯವಾಗಿ ಕಾರಣವಾಗದು. ಇಷ್ಟು ವರ್ಷ ಸುಮ್ಮನಿದ್ದು ಈಗ ಬಂದಿದ್ದಾರೆ, ಕಾಲಮಿತಿ ಮೀರಿದೆ ಎನ್ನುತ್ತಾನೆ. ಕಲಂ 11ರ ಹೊಣೆ ಬರೆದುಕೊಡುವವರೆಗೂ ಮುಗಿಯದ ಹೊಣೆ ಎಂಬುದು ಇದಕ್ಕೆ ಉತ್ತರ. ಬಿಲ್ಡರ್ ತಮಗೆ ದುಡ್ಡು ಕೊಟ್ಟಿಲ್ಲ ಎನ್ನುವ ರೈತನ ಮಕ್ಕಳ ಅಳಲು ನಿಜವೇ ಇರಬಹುದು. ಆದರೆ ಫ್ಲ್ಯಾಟ್ ಮಾರುವ ಅಧಿಕಾರವನ್ನು ಮುಖ್ತ್ಯಾರ್‌ಪತ್ರದಲ್ಲಿ ಕೊಟ್ಟಿದ್ದವರು ತಂದೆಯೇ ಆದ್ದರಿಂದ ಆ ಲೆಕ್ಕ ಅವರ ಮತ್ತು ಬಿಲ್ಡರ್ ನಡುವಿನದಾಗಿ ಉಳಿಯುತ್ತದೆ.

ಗಟ್ಟಿಯಾದ ಆಕ್ಷೇಪ ಒಂದಿದೆ. ‘ಇಡೀ ಲೇಔಟಿನ ಕೊನೆಯ ಕಟ್ಟಡ ಮುಗಿದ ಮೇಲೆ ಕನ್ವೇಯನ್ಸ್’ ಎಂದು ಅಗ್ರಿಮೆಂಟಿನಲ್ಲೇ ಇರುವುದು. ಬೇರೆ ಅವಧಿ ಒಪ್ಪಿದ್ದರೆ ನಾಲ್ಕು ತಿಂಗಳ ನಿಯಮ ಹಿಂದೆ ಸರಿಯುವುದರಿಂದ ಇದನ್ನು ತಳ್ಳಿಹಾಕಲಾಗದು. ನಿಜವಾಗಿಯೂ ಕಟ್ಟಡಗಳು ಏಳುತ್ತಿರುವ ದೊಡ್ಡ ಲೇಔಟಿನಲ್ಲಿ ಇದಕ್ಕೆ ತೂಕವಿದೆ. ಇಪ್ಪತ್ತೈದು ವರ್ಷದಿಂದ ಒಂದು ಇಟ್ಟಿಗೆಯನ್ನೂ ಇಡದೆ ‘ಇನ್ನೂ ಮುಗಿದಿಲ್ಲ’ ಎನ್ನುವವನ ಬಾಯಲ್ಲಿ ಅದು ನೆಪ. ಎರಡರ ವ್ಯತ್ಯಾಸ ತೋರಿಸಲು ಮಂಜೂರಾದ ಮೂಲ ನಕ್ಷೆ ಬೇಕು. ಅಗ್ರಿಮೆಂಟು ಮಾಡುವಾಗ ಎಷ್ಟು ಕಟ್ಟಡಗಳನ್ನು ತೋರಿಸಿದ್ದ, ಯಾವುದು ಆಮೇಲೆ ಸೇರಿತು ಎಂಬುದನ್ನು ಅದರ ಮುಂದೆ ಹಿಡಿಯಬೇಕು. ಉದಾಹರಣೆಯ ನಕ್ಷೆಯಲ್ಲಿ ಎರಡೇ ಕಟ್ಟಡಗಳಿದ್ದು ಎರಡೂ ಮುಗಿದಿರುವುದರಿಂದ ಆ ತಕರಾರು ಅಲ್ಲಿ ಏಳುವುದಿಲ್ಲ.

ಅರ್ಜಿ ಬಂದ ಆರು ತಿಂಗಳೊಳಗೆ ಡಿಡಿಆರ್ ತೀರ್ಮಾನ ಮಾಡಬೇಕೆಂದು ಕಾಯ್ದೆ ಹೇಳುತ್ತದೆ, ನೋಟಿಸು ಜಾರಿಯಾಗದಿದ್ದರೆ ಇನ್ನೂ ಎಳೆಯುತ್ತದೆ. ಒಪ್ಪಿಗೆಯಾದರೆ ಎರಡು ಕಾಗದ ಸಿಗುತ್ತವೆ, ಆದೇಶ ಮತ್ತು ಪ್ರಮಾಣಪತ್ರ. ಅವನ್ನು ಹಿಡಿದು ಕನ್ವೇಯನ್ಸ್ ಸಿಕ್ಕಿತು ಎಂದು ಪೇಢೆ ಹಂಚುವ ಸೊಸೈಟಿಗಳುಂಟು. ಸಿಕ್ಕಿರುವುದು ಬರೀ ಅಪ್ಪಣೆ, ಒಡೆತನವಿನ್ನೂ ಬದಲಾಗಿಲ್ಲ. ಆದೇಶವನ್ನು ಕಡತದಲ್ಲಿಟ್ಟು ವರ್ಷಗಟ್ಟಲೆ ಮರೆತವರಿಗೆ ರೀಡೆವಲಪ್‌ಮೆಂಟ್ ಹೊತ್ತಿನಲ್ಲಿ ಇದು ಗೊತ್ತಾಗುತ್ತದೆ. ಆದೇಶದಲ್ಲಿ ಸರ್ವೆ ನಂಬರು, 1,080 ಚದರ ಮೀಟರ್ ಎಂಬ ಅಂಕಿ, ಸೊಸೈಟಿಯ ಪೂರ್ತಿ ಹೆಸರು ಸರಿಯಿವೆಯೇ ಎಂದು ಅಂದೇ ನೋಡಿಕೊಳ್ಳಬೇಕು. ಒಂದು ಅಂಕಿ ತಪ್ಪಿದ್ದರೂ ಮುಂದಿನ ಮೂರೂ ಕಚೇರಿಗಳಲ್ಲಿ ತಡೆ ಬೀಳುತ್ತದೆ.

ಮೊದಲನೆಯದು ಸ್ಟ್ಯಾಂಪ್ ಕಲೆಕ್ಟರ್ ಕಚೇರಿ. ವಕೀಲರು ತಯಾರಿಸಿದ ಕನ್ವೇಯನ್ಸ್ ಕರಡನ್ನು, ಎಲ್ಲ 24 ಅಗ್ರಿಮೆಂಟುಗಳ ಶುಲ್ಕದ ಪುರಾವೆಯೊಂದಿಗೆ ಅಡ್ಜುಡಿಕೇಶನ್‌ಗೆ ಕೊಡಬೇಕು, ಅಂದರೆ ಎಷ್ಟು ಶುಲ್ಕ ಎಂದು ಮೊದಲೇ ನಿರ್ಣಯಿಸಿಕೊಡಿ ಎಂದು ಕೇಳುವುದು. ಹಿಂದೆ ಹೇಳಿದ ಎರಡು ಬಾಕಿಗಳು ಇಲ್ಲಿ ತೀರಬೇಕು. ನಿವೇಶನದಲ್ಲಿ ಬಳಸದ ಎಫ್‌ಎಸ್‌ಐ ಉಳಿದಿದ್ದರೆ ಅದರ ಬೆಲೆಯ ಮೇಲೂ ಶುಲ್ಕ ಕೇಳಬಹುದು, ಅದು ಕೆಲವೊಮ್ಮೆ ಮಿಕ್ಕೆಲ್ಲ ಖರ್ಚನ್ನೂ ಮೀರಿಸುತ್ತದೆ. ಎರಡನೆಯದು ಸಬ್ ರಿಜಿಸ್ಟ್ರಾರ್ ಕಚೇರಿ. ಬಿಲ್ಡರ್ ಇಲ್ಲದ ಈ ಪತ್ರದಲ್ಲಿ ಅವನ ಪರವಾಗಿ ಪ್ರಾಧಿಕಾರದ ಅಧಿಕಾರಿಯ ಸಹಿ ಬೀಳುತ್ತದೆ, ಸೊಸೈಟಿಯ ಪರವಾಗಿ ಪದಾಧಿಕಾರಿಗಳದು. ನೋಂದಣಿಗೆ ಮೊದಲು ಏಕೆ ನೋಂದಾಯಿಸಬಾರದು ಎಂದು ಬಿಲ್ಡರ್‌ಗೆ ಸಬ್ ರಿಜಿಸ್ಟ್ರಾರ್ ಇನ್ನೊಮ್ಮೆ ನೋಟಿಸು ಕೊಡುವ ಕ್ರಮವೂ ಕಾಯ್ದೆಯಲ್ಲಿದೆ. ನೋಂದಣಿಯಾದ ದಿನ ಆಸ್ತಿ ಸೊಸೈಟಿಯದಾಗುತ್ತದೆ.

ಮೂರನೆಯದು ತಲಾಠಿ ಅಥವಾ ಸಿಟಿ ಸರ್ವೆ ಕಚೇರಿ. ನೋಂದಾಯಿತ ಪತ್ರ ಕೊಟ್ಟು ಫೇರ್‌ಫಾರ್, ಅಂದರೆ ಹೆಸರು ಬದಲಾವಣೆ ಮಾಡಿಸಬೇಕು. ಸಾತ್‌ಬಾರಾದಲ್ಲಿ ರೈತನ ಮಕ್ಕಳ ಹೆಸರು ಉಳಿದಿದ್ದರೆ, ಅದನ್ನು ತೋರಿಸಿ ಯಾರೋ ಸಾಲ ಎತ್ತುವ, ಹೊಸ ಬಿಲ್ಡರ್‌ನೊಂದಿಗೆ ಕರಾರು ಮಾಡಿಕೊಳ್ಳುವ ಅಪಾಯ ಹಾಗೇ ಇರುತ್ತದೆ. ಎರಡು ಸೊಸೈಟಿಗಳ ನಡುವೆ ಹಂಚಿದ ಜಮೀನಾದರೆ ಮೋಜಣಿ ಮಾಡಿಸಿ ಪಾಲು ಗುರುತಿಸುವುದು ಇಲ್ಲಿ ಇನ್ನಷ್ಟು ಸಮಯ ಹಿಡಿಯುತ್ತದೆ.

ಈ ಎಲ್ಲದರಿಂದ ಸೊಸೈಟಿಗೆ ಸಿಗುವುದಕ್ಕೆ ಒಂದು ಎಲ್ಲೆಯಿದೆ. ಬಿಲ್ಡರ್‌ಗೆ ಇದ್ದ ಹಕ್ಕಿಗಿಂತ ಹೆಚ್ಚಿನದು ಡೀಮ್ಡ್ ಕನ್ವೇಯನ್ಸ್‌ನಿಂದ ಬರುವುದಿಲ್ಲ. ಜಮೀನು ಸಿಡ್ಕೋದಿಂದಲೋ ಸರಕಾರದಿಂದಲೋ ಲೀಸಿಗೆ ಪಡೆದದ್ದಾದರೆ ಸೊಸೈಟಿಗೆ ಬರುವುದು ಲೀಸಿನ ಹಕ್ಕು, ಅದೂ ಮೂಲ ಒಡೆಯನ ಷರತ್ತುಗಳೊಂದಿಗೆ. ಬಿಲ್ಡರ್‌ನ ಹಕ್ಕಿನಲ್ಲೇ ದೋಷವಿದ್ದರೆ ಆ ದೋಷವೂ ಜೊತೆಗೇ ಬರುತ್ತದೆ. ಅನುಮತಿಯಿಲ್ಲದೆ ಕಟ್ಟಿದ ಮಹಡಿ ಕನ್ವೇಯನ್ಸ್ ಆದ ಮಾತ್ರಕ್ಕೆ ಸಕ್ರಮವಾಗುವುದಿಲ್ಲ. ಡಿಡಿಆರ್ ಆದೇಶ ಒಡೆತನದ ಅಂತಿಮ ತೀರ್ಪಲ್ಲ, ತನಗೆ ಅನ್ಯಾಯವಾಗಿದೆ ಎನ್ನುವವರು ಸಿವಿಲ್ ದಾವೆ ಹೂಡಬಹುದು ಎಂದು ಬಾಂಬೆ ಹೈಕೋರ್ಟ್ 2012ರ ಮಜ್ದಾ ಕನ್‌ಸ್ಟ್ರಕ್ಷನ್ ಪ್ರಕರಣದಲ್ಲೇ ಹೇಳಿತ್ತು. ಸುಪ್ರೀಂ ಕೋರ್ಟ್ 2025ರಲ್ಲಿ, ಏವನ್ ಆರ್ಕೇಡ್ ಸೊಸೈಟಿಗೆ ಸಂಬಂಧಿಸಿದ ಪ್ರಕರಣದಲ್ಲಿ, ಅದೇ ಎಳೆಯನ್ನು ಹಿಡಿದು ಇನ್ನೊಂದು ಮಾತು ಸೇರಿಸಿತು. ಸಿವಿಲ್ ಕೋರ್ಟಿನ ದಾರಿ ತೆರೆದೇ ಇರುವುದರಿಂದ, ಇಂಥ ಆದೇಶಗಳಲ್ಲಿ ಹೈಕೋರ್ಟು ರಿಟ್ ಅರ್ಜಿಯ ಮೇಲೆ ಸುಲಭವಾಗಿ ಕೈಹಾಕಬಾರದು. ಆದೇಶ ಬಂದ ಮೇಲೆ ರಿಟ್ ಹಾಕಿ ಎಲ್ಲವನ್ನೂ ನಿಲ್ಲಿಸುವ ಬಿಲ್ಡರ್‌ಗಳ ಅಭ್ಯಾಸಕ್ಕೆ ಇದರಿಂದ ಕಡಿವಾಣ ಬಿದ್ದಿದೆ.

ಅರ್ಜಿ ತಿರಸ್ಕೃತವಾದರೆ ಮೋಫಾದಲ್ಲಿ ಅದಕ್ಕೆ ಮೇಲ್ಮನವಿಯ ಅವಕಾಶವಿಲ್ಲ. ಹೈಕೋರ್ಟಿಗೆ ಹೋಗಬೇಕು, ಅಥವಾ ತಿರಸ್ಕಾರಕ್ಕೆ ದಾಖಲೆಯ ಕೊರತೆಯಷ್ಟೇ ಕಾರಣವಾಗಿದ್ದರೆ ಅದನ್ನು ತುಂಬಿಕೊಂಡು ಮತ್ತೆ ಅರ್ಜಿ ಹಾಕಬೇಕು. ಎರಡನೆಯದು ಅಗ್ಗ, ಹೆಚ್ಚಾಗಿ ಬೇಗವೂ ಆಗುತ್ತದೆ. ಅದಕ್ಕೆ ತಿರಸ್ಕಾರದ ಆದೇಶದಲ್ಲಿ ಡಿಡಿಆರ್ ಬರೆದ ಕಾರಣಗಳನ್ನು ಒಂದೊಂದಾಗಿ ಎತ್ತಿಕೊಂಡು, ಪ್ರತಿಯೊಂದಕ್ಕೂ ಹೊಸ ಅರ್ಜಿಯಲ್ಲಿ ಯಾವ ಕಾಗದ ಉತ್ತರ ಕೊಡುತ್ತದೆ ಎಂದು ತೋರಿಸಬೇಕು.